‘ಕಸಿನ್’ ಅಣ್ಣನಾದರೆ ಮದುವೆ ಹೇಗೆ?

ತೋಟದಂಚು (ಶಿರಸಿ)

ಅನುವಾದ ಮಾಡುವವರ ಸಹಾಯ ಬೇಕಿತ್ತು. ಜೇನ್ ಆಸ್ಟೆನ್ 1814ರಲ್ಲಿ ಪ್ರಕಟಿಸಿದ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉದ್ದುದ್ದ ವಾಕ್ಯಗಳು ಕಾಡುತ್ತವೆ ಅಂದುಕೊಂಡಿದ್ದೆ. ಅವು ಹೇಗೋ ಬಗ್ಗಿದವು. ಬಗ್ಗದೇ ನಿಂತಿದ್ದು ನೆಂಟಸ್ತಿಕೆ.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ಮೂವರು ಅಕ್ಕತಂಗಿಯರು. ದೊಡ್ಡವಳು ಪಾದ್ರಿಯನ್ನು ಮದುವೆಯಾಗಿ ಮಿಸೆಸ್ ನಾರಿಸ್ ಆಗುತ್ತಾಳೆ. ನಡುವಿನವಳು ಸಾಹುಕಾರ ಸರ್ ಥಾಮಸ್‌ನ ಹೆಂಡತಿ, ಲೇಡಿ ಬರ್ಟ್ರಮ್. ಸಣ್ಣವಳು ಬಡವನ ಕೈಹಿಡಿದು ಮನೆ ತುಂಬ ಮಕ್ಕಳನ್ನು ಹೆರುತ್ತಾಳೆ. ಆ ಸಣ್ಣವಳ ಮಗಳು ಫ್ಯಾನಿ. 10 ವರ್ಷವಾದಾಗ ಸರ್ ಥಾಮಸ್‌ನ ಮನೆಗೆ ಬಂದು ಅಲ್ಲೇ ಬೆಳೆಯುತ್ತಾಳೆ. ಆ ಮನೆಯ ಎರಡನೇ ಮಗ ಎಡ್ಮಂಡ್‌ಗೆ ಆಗ 16. ಕಾದಂಬರಿ ಮುಗಿಯುವುದು ಇವರಿಬ್ಬರ ಮದುವೆಯಲ್ಲಿ.

ಫ್ಯಾನಿ ಅವನನ್ನು ಮಾತಿಗೊಮ್ಮೆ ‘ಕಸಿನ್’ ಅಂತ ಕರೆಯುತ್ತಾಳೆ. ಲೆಕ್ಕ ಹಾಕಿ ನೋಡಿ. ದೊಡ್ಡಮ್ಮನ ಮಗ. ನಮ್ಮಲ್ಲಿ ಅವನು ಅಣ್ಣ. ‘ಅಣ್ಣಯ್ಯ, ನನ್ನ ಜೊತೆ ಬರ್ತೀಯಾ?’ ಅಂತ ಮುನ್ನೂರು ಪುಟ ಬರೆದು ಕಡೆಗೆ ಮದುವೆ ಮಾಡಿಸಲಿಕ್ಕೆ ನನ್ನಿಂದ ಆಗುವುದಿಲ್ಲ. ಮೊದಲ ನಾಲ್ಕು ಅಧ್ಯಾಯ ಓದಿದ ನಮ್ಮನೆಯವರು ‘ಇದೆಂಥ ಮಾರಾಯ್ತಿ’ ಅಂತ ಪುಸ್ತಕ ಕೆಳಗಿಟ್ಟರು. ಏನು ಮಾಡಲಿ?

ಸಿದ್ದಾಪುರದ ಮಾಣಿ

ಸಿಂಪಲ್. ‘ಭಾವ’ ಅಂತ ಹಾಕಿ. ಕಸಿನ್ ಅಂದರೆ ಭಾವನೂ ಆಗುತ್ತೆ. ಓದುಗರಿಗೆ ಮದುವೆ ಬಗ್ಗೆ ತಕರಾರು ಇರುವುದಿಲ್ಲ. ಇಂಗ್ಲಿಷಿನಲ್ಲಿ ಗೌರವ, ಸಂಬಂಧ ಯಾವುದೂ ಸರಿಯಾಗಿ ಇಲ್ಲ, ಎಲ್ಲರಿಗೂ ‘ಯೂ’, ಎಲ್ಲರೂ ‘ಕಸಿನ್’. ಅಲ್ಲಿ ಇಲ್ಲದ್ದನ್ನು ನಾವು ತುಂಬಿಕೊಳ್ಳಬೇಕು, ಅಷ್ಟೇ.

ಹಳೇ ಮೇಷ್ಟ್ರು (ಕುಮಟಾ)

ಮಾಣಿ ಹೇಳಿದ್ದರಲ್ಲಿ ಅರ್ಧ ಸರಿ. ನಾವು ತುಂಬಲೇಬೇಕು ಅನ್ನುವುದು ನಿಜ. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1959ರ ಒಂದು ಲೇಖನದಲ್ಲಿ ಹೇಳಿದ್ದೂ ಇದನ್ನೇ. ಭಾಷೆಗಳ ನಡುವಿನ ವ್ಯತ್ಯಾಸ ಏನನ್ನು ಹೇಳಬಹುದು ಅನ್ನುವುದರಲ್ಲಿ ಇಲ್ಲ, ಏನನ್ನು ಹೇಳದೇ ಬಿಡಲಾಗದು ಅನ್ನುವುದರಲ್ಲಿದೆ. ಇಂಗ್ಲಿಷಿನವನು ‘ಕಸಿನ್’ ಅಂದು ಸುಮ್ಮನಾಗಬಹುದು. ಕನ್ನಡದಲ್ಲಿ ಬಾಯಿ ತೆರೆಯುವ ಮೊದಲೇ ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು. ಗಂಡೋ ಹೆಣ್ಣೋ? ನನಗಿಂತ ದೊಡ್ಡವರೋ ಚಿಕ್ಕವರೋ? ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅವರ ಕಡೆಯ ಹಿರಿಯರೂ ನಮ್ಮ ಕಡೆಯ ಹಿರಿಯರೂ ಅಣ್ಣತಮ್ಮಂದಿರೋ, ಅಕ್ಕತಂಗಿಯರೋ, ಇಲ್ಲಾ ಅಣ್ಣತಂಗಿಯರೋ? ಅಕ್ಕತಂಗಿಯರ ಮಕ್ಕಳಾದರೆ ಅಣ್ಣ, ತಂಗಿ. ಅಣ್ಣತಂಗಿಯರ ಮಕ್ಕಳಾದರೆ ಭಾವ, ಅತ್ತಿಗೆ ಆಗಬಹುದು, ಮದುವೆಯೂ ಆಗಬಹುದು. ಅಂದರೆ ನಮ್ಮ ಈ ಪದಗಳೊಳಗೇ ಮದುವೆಯ ಕಾನೂನು ಕೂತಿದೆ.

ಹಾಗಾಗಿಯೇ ‘ಭಾವ’ ಇಲ್ಲಿ ಹೊಂದುವುದಿಲ್ಲ. ಭಾವ ಬೇಕಾದರೆ ಲೇಡಿ ಬರ್ಟ್ರಮ್‌ಳನ್ನು ಫ್ಯಾನಿಯ ಅಪ್ಪನ ಅಕ್ಕ ಮಾಡಬೇಕು. ಆಗ ಮೂವರು ಅಕ್ಕತಂಗಿಯರ ಮೂರು ಥರದ ಮದುವೆ ಅನ್ನುವ ಕಾದಂಬರಿಯ ಬುಡವೇ ಹೋಯಿತು. ಅದು ರೂಪಾಂತರ ಆಗುತ್ತದೆ, ಅನುವಾದ ಅಲ್ಲ.

ಒಂದು ತಮಾಷೆ ನೋಡಿ. ‘ವದರಿಂಗ್ ಹೈಟ್ಸ್’ನಲ್ಲಿ ಎರಡನೇ ತಲೆಮಾರಿನ ಕ್ಯಾಥಿ ಇಬ್ಬರು ಕಸಿನ್‌ಗಳನ್ನು ಒಬ್ಬನಾದ ಮೇಲೆ ಒಬ್ಬನಂತೆ ವರಿಸುತ್ತಾಳೆ. ಲಿಂಟನ್ ಅವಳ ಅಪ್ಪನ ತಂಗಿಯ ಮಗ. ಹೇರ್ಟನ್ ಅವಳ ಅಮ್ಮನ ಅಣ್ಣನ ಮಗ. ಒಬ್ಬ ಅತ್ತೆಯ ಮಗ, ಇನ್ನೊಬ್ಬ ಮಾವನ ಮಗ! ಆ ಕಾದಂಬರಿಯಲ್ಲಿ ಏನೇನೋ ಘೋರ ನಡೆಯುತ್ತದೆ, ಆದರೆ ನೆಂಟಸ್ತಿಕೆ ಮಾತ್ರ ನಮ್ಮ ಘಟ್ಟದ ಮೇಲಿನ ಯಾವ ಅಜ್ಜಿಯೂ ಒಪ್ಪುವಂಥದ್ದು. ಇಂಗ್ಲಿಷಿನಲ್ಲಿ ಎರಡೂ ಕಡೆ ಇರುವುದು ಒಂದೇ ‘ಕಸಿನ್’. ಕನ್ನಡಕ್ಕೆ ಬಂದಾಗ ಒಂದು ಸಲೀಸು, ಇನ್ನೊಂದು ಗಂಟು.

ಗೌರವ ಇಂಗ್ಲಿಷಿನಲ್ಲಿ ಇಲ್ಲ ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ.

ಅಕ್ಷತೆ (ಯಲ್ಲಾಪುರ)

ನನ್ನದೂ ಇದೇ ಸಮಸ್ಯೆ! ತಮ್ಮನ ಮದುವೆ ಕಾಗದವನ್ನು ಇಂಗ್ಲಿಷಿನಲ್ಲೂ ಹಾಕಿಸಬೇಕು, ಅವನ ಆಫೀಸಿನವರಿಗೆ. ‘ಚಿ.’ ಮತ್ತು ‘ಚಿ.ಸೌ.’ಗೆ ಏನು ಹಾಕುವುದು? ಪ್ರೆಸ್ಸಿನವನು ‘ಮಾಸ್ಟರ್’ ಅಂತ ಹಾಕಿದ್ದಾನೆ. 31 ವರ್ಷದವನಿಗೆ ಮಾಸ್ಟರ್ ಅಂದರೆ ನಗುವುದಿಲ್ವಾ?

ಕಾಳಿ ತೀರ (ಕಾರವಾರ)

ಅಕ್ಷತೆಯವರೇ, ಹೆಸರು ಮಾತ್ರ ಹಾಕಿಸಿ. ಚಿರಂಜೀವಿ ಅನ್ನುವುದು ಹಿರಿಯರು ಕಿರಿಯರಿಗೆ ಕೊಡುವ ಆಶೀರ್ವಾದ, ಇಂಗ್ಲಿಷ್ ಕಾರ್ಡಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೂಲ ಪ್ರಶ್ನೆಗೆ ಬರುತ್ತೇನೆ. ಕಸಿನ್ ಅನ್ನುವುದನ್ನು ಹಾಗೇ ‘ಕಸಿನ್’ ಅಂತ ಬಿಟ್ಟರೆ ಏನು ತೊಂದರೆ? ಈಗ ಹಳ್ಳಿಯಲ್ಲೂ ‘ನನ್ನ ಕಸಿನ್ ಬೆಂಗಳೂರಲ್ಲಿದ್ದಾನೆ’ ಅಂತಾರೆ.

ತೋಟದಂಚು

ಅದನ್ನೂ ನೋಡಿದೆ. ‘ಕಸಿನ್’ ಅಂತ ಹೇಳುತ್ತೇವೆ ನಿಜ, ಆದರೆ ಕರೆಯುವುದಿಲ್ಲ. ‘ಏ ಕಸಿನ್, ಇಲ್ಲಿ ಬಾ’ ಅಂತ ಯಾರಾದರೂ ಅಂದಿದ್ದು ಕೇಳಿದ್ದೀರಾ? ಬೇರೆಯವರಿಗೆ ಪರಿಚಯ ಮಾಡಿಕೊಡುವಾಗ ಆ ಪದ ಬರುತ್ತದೆ. ಎದುರಿಗೆ ನಿಂತವನನ್ನು ಕರೆಯಲಿಕ್ಕೆ ಬರುವುದಿಲ್ಲ. ಫ್ಯಾನಿಗೆ ಬೇಕಾಗಿದ್ದು ಕರೆಯುವ ಪದ.

ಹಾಗಾಗಿ ಕರೆಯುವುದನ್ನೇ ಬಿಟ್ಟು ನೋಡಿದೆ. ಸಂಬೋಧನೆ ಇಲ್ಲದೇ ಬರೀ ‘ನೀವು’. ‘ನೀವು ಹೇಳಿದಿರಲ್ಲ, ಕುದುರೆ ಸಿಗುತ್ತದೆ ಅಂತ’. ವ್ಯಾಕರಣ ಸರಿಯಾಗಿದೆ. ಆದರೆ ಓದಿದರೆ ಬೇರೆ ಏನೋ ಆಗುತ್ತಿದೆ, ಏನು ಅಂತ ಹೇಳಲಿಕ್ಕೆ ಬರುತ್ತಿಲ್ಲ.

ಹಳೇ ಮೇಷ್ಟ್ರು

ನಿಮ್ಮ ಕಿವಿ ಸರಿಯಾಗಿಯೇ ಹಿಡಿದಿದೆ. ಹೆಸರು ಹೇಳದೇ, ಸಂಬಂಧವಾಚಕವನ್ನೂ ಬಳಸದೇ, ‘ನೀವು’ ಅಂತ ಮಾತಾಡುವ ಹೆಂಗಸು ನಮ್ಮ ಕಡೆ ಹಳೇ ತಲೆಮಾರಿನಲ್ಲಿ ಯಾರು? ಹೆಂಡತಿ. ಗಂಡನನ್ನು ಕರೆಯುವುದಕ್ಕೆ ಪದ ಇಲ್ಲ, ಅದೇ ಅವನ ಗುರುತು. ‘ಕೇಳ್ತಾ?’, ‘ಇಲ್ನೋಡಿ’, ಅಷ್ಟೇ. ನೀವು ಅಣ್ಣ ಅನ್ನುವುದನ್ನು ತೆಗೆದಿರಿ, ಹೆಸರನ್ನೂ ಇಡಲಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಗಂಡ ಬಂದು ಕೂತ. ಹತ್ತು ವರ್ಷದ ಹುಡುಗಿ ಮೊದಲ ದಿನದಿಂದಲೇ ಅವನ ಹೆಂಡತಿಯ ಹಾಗೆ ಮಾತಾಡುತ್ತಿದ್ದಾಳೆ.

‘ನೀನು’ ಹಾಕಿದರೂ ಸುಖವಿಲ್ಲ. ‘ಅಣ್ಣಯ್ಯ, ನೀನು’ ಅಂದರೆ ಸಲುಗೆ. ಅಣ್ಣಯ್ಯ ತೆಗೆದು ಬರೀ ‘ನೀನು’ ಉಳಿಸಿದರೆ ಉದ್ಧಟತನ. ಫ್ಯಾನಿ ಆ ಮನೆಯಲ್ಲಿ ನೆರಳಿಗೂ ಹೆದರುವ ಹುಡುಗಿ.

ಅನುವಾದದಲ್ಲಿ ಆಗುವ ಇಂಥ ಸ್ಥಾನಪಲ್ಲಟಗಳನ್ನು ಭಾಷಾವಿಜ್ಞಾನಿ ಜೆ.ಸಿ. ಕ್ಯಾಟ್‌ಫರ್ಡ್ 1965ರಲ್ಲಿ ವ್ಯಾಕರಣದ ಮಟ್ಟದಲ್ಲಿ ವಿಂಗಡಿಸಿದ. ಅವನ ವಿಂಗಡಣೆ ಒಂದೊಂದು ಪದಕ್ಕೆ, ವಾಕ್ಯಕ್ಕೆ ಚೆನ್ನಾಗಿ ಒಗ್ಗುತ್ತದೆ. ಇಲ್ಲಿ ಅದು ಸಾಲುವುದಿಲ್ಲ. ಸರ್ವನಾಮ, ಸಂಬೋಧನೆ, ಕ್ರಿಯಾಪದದ ತುದಿ, ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದನ್ನು ಎಳೆದರೆ ಉಳಿದೆರಡರ ಅರ್ಥ ಬದಲಾಗುತ್ತದೆ.

ನನ್ನ ಸಲಹೆ ಇಷ್ಟು. ಫ್ಯಾನಿ ಆ ಮನೆಯ ಎಲ್ಲರಿಗೂ ‘ನೀವು’ ಅನ್ನಲಿ. ತನಗಿಂತ ಸ್ವಲ್ಪವೇ ದೊಡ್ಡವರಾದ ಎಡ್ಮಂಡ್‌ನ ತಂಗಿಯರು ಮರಾಯಾ, ಜೂಲಿಯಾರಿಗೂ. ಆಗ ಎಡ್ಮಂಡ್‌ಗೆ ಹೇಳುವ ‘ನೀವು’ ಎದ್ದು ಕಾಣುವುದಿಲ್ಲ, ಅವಳ ಹಂಗಿನ ಬದುಕಿನ ಗುರುತಾಗುತ್ತದೆ. ಅವರೆಲ್ಲ ಅವಳಿಗೆ ‘ನೀನು’ ಅನ್ನಲಿ. ಇಂಗ್ಲಿಷಿನಲ್ಲಿ ಇಲ್ಲದ ಏಣಿಯೊಂದು ಇಲ್ಲಿ ಬರುತ್ತದೆ. ಬರಲಿ, ಕಾದಂಬರಿಗೆ ಅದು ವಿರುದ್ಧವಲ್ಲ.

ಸಿದ್ದಾಪುರದ ಮಾಣಿ

ಅದನ್ನೇ ನಾನು ಹೇಳಿದ್ದು ಮೇಷ್ಟ್ರೇ, ಇಂಗ್ಲಿಷಿನಲ್ಲಿ ಗೌರವದ ಏಣಿ ಇಲ್ಲ ಅಂತ.

ಹಳೇ ಮೇಷ್ಟ್ರು

ಸರ್ವನಾಮದಲ್ಲಿ ಇಲ್ಲ. ಅದೂ ಒಂದು ಕಾಲಕ್ಕೆ ಇತ್ತು. ‘ದೌ’ ಅಂದರೆ ನೀನು, ‘ಯೂ’ ಅಂದರೆ ಬಹುವಚನದ, ಗೌರವದ ನೀವು. ದೌ ಬಳಕೆ ತಪ್ಪಿತು, ಯೂ ಉಳಿಯಿತು. ಇಂಗ್ಲಿಷಿನವರು ಕಳೆದುಕೊಂಡಿದ್ದು ‘ನೀವು’ ಅಲ್ಲ, ‘ನೀನು’.

ಆಸ್ಟೆನ್ ಕಾಲಕ್ಕೆ ಏಣಿ ಹೆಸರುಗಳಿಗೆ ಹೋಗಿ ಕೂತಿತ್ತು. ‘ಮಿಸ್ಟರ್ ಬರ್ಟ್ರಮ್’ ಅಂದರೆ ಹಿರಿಯ ಮಗ ಟಾಮ್. ಎರಡನೆಯವನು ‘ಮಿಸ್ಟರ್ ಎಡ್ಮಂಡ್ ಬರ್ಟ್ರಮ್’. ‘ಮಿಸ್ ಬರ್ಟ್ರಮ್’ ಅಂದರೆ ಹಿರಿಯ ಮಗಳು ಮರಾಯಾ, ಕಿರಿಯವಳು ‘ಮಿಸ್ ಜೂಲಿಯಾ’. ಹುಟ್ಟಿದ ಕ್ರಮವನ್ನು ನಾವು ದೊಡ್ಡಪ್ಪ, ಚಿಕ್ಕಪ್ಪದಲ್ಲಿ ಹೇಳಿದರೆ ಅವರು ಹೆಸರು ಸೇರಿಸಿ, ಬಿಟ್ಟು ಹೇಳುತ್ತಾರೆ. ಕಾದಂಬರಿಯಲ್ಲೇ ಎಡ್ಮಂಡ್ ಮೆಚ್ಚಿದ ಮೇರಿ ಕ್ರಾಫರ್ಡ್ ಇದರ ಬಗ್ಗೆ ಫ್ಯಾನಿ ಹತ್ತಿರ ಮಾತಾಡುತ್ತಾಳೆ. ‘ಮಿಸ್ಟರ್ ಎಡ್ಮಂಡ್ ಬರ್ಟ್ರಮ್’ ಅನ್ನುವುದರಲ್ಲಿ ಕಿರಿಯ ಮಗ ಅನ್ನುವ ಬಡತನ ಕೇಳಿಸುತ್ತದೆ ಅಂತ ಅವಳ ಅಸಮಾಧಾನ. ಫ್ಯಾನಿಗೆ ಉಲ್ಟಾ, ಎಡ್ಮಂಡ್ ಅನ್ನುವ ಹೆಸರೇ ಚೆಂದ. ಆಸ್ತಿ ಬೇಕಾದವಳು ಯಾರು, ಮನುಷ್ಯ ಬೇಕಾದವಳು ಯಾರು ಅನ್ನುವುದು ಆ ಒಂದು ಮಾತುಕತೆಯಲ್ಲಿದೆ. ಎಲ್ಲಾ ಕಡೆ ಸುಮ್ನೆ ‘ಎಡ್ಮಂಡ್’ ಅಂತ ಅನುವಾದಿಸಿದರೆ ಆ ಪುಟಕ್ಕೆ ಬಂದಾಗ ಮೇರಿಯ ಗೊಣಗಾಟ ಯಾರಿಗೂ ಅರ್ಥವಾಗುವುದಿಲ್ಲ. ಮಿಸ್ಟರ್, ಮಿಸ್‌ಗಳನ್ನು ಮೊದಲ ಪುಟದಿಂದಲೇ ತಪ್ಪದೇ ಉಳಿಸಿಕೊಳ್ಳಿ.

ಕಾಳಿ ತೀರ

ನಮ್ಮ ಕೊಂಕಣಿಗೆ ಮಾಡುವುದಾದರೆ ಇನ್ನೊಂದು ಮಜಾ ಇದೆ. ಸಣ್ಣ ಹುಡುಗಿಗೆ ನಾವು ‘ತೆಂ’ ಅಂತೇವೆ, ನಪುಂಸಕಲಿಂಗ. ದೊಡ್ಡವಳಾದ ಮೇಲೆ ‘ತೀ’. ಹತ್ತು ವರ್ಷದ ಫ್ಯಾನಿ ‘ತೆಂ’, ಮದುವೆಯ ಹೊತ್ತಿಗೆ ‘ತೀ’. ನಡುವೆ ಎಲ್ಲಿ ಬದಲಾಯಿಸುವುದು? ಬದಲಾಯಿಸಿದ ಸಾಲಿನಲ್ಲಿ ಅವಳು ದೊಡ್ಡವಳಾದಳು ಅಂತ ನಿರೂಪಕಿ ಹೇಳಿದ ಹಾಗೇ. ಆಸ್ಟೆನ್ ಅದನ್ನು ಯಾವ ಸಾಲಿನಲ್ಲೂ ಹೇಳಿಲ್ಲ.

ಸಿದ್ದಾಪುರದ ಮಾಣಿ

ಹವ್ಯಕರಲ್ಲೂ ಹೆಂಗಸರಿಗೆ ‘ಅದು ಬಂತು’ ಅಂತಾರಲ್ಲ. ಹೆಂಗಸರನ್ನು ವಸ್ತು ಥರ ನೋಡುವುದು.

ತೋಟದಂಚು

ಮಾಣಿ, ನಾನು ಹವ್ಯಕರ ಮನೆಯವಳೇ. ‘ಅಕ್ಕ ಬಂತು’ ಅಂದಾಗ ಅಕ್ಕನಿಗೆ ಮರ್ಯಾದೆ ಕಡಿಮೆ ಮಾಡಿದ್ದೇನೆ ಅಂತ ಅಕ್ಕನಿಗೂ ಅನ್ನಿಸುವುದಿಲ್ಲ. ನಮ್ಮ ಮಾತಿನಲ್ಲಿ ಹೆಂಗಸರಿಗೆ ಏಕವಚನದ ರೂಪವೇ ಅದು. ಕಾರವಾರದವರ ‘ತೆಂ’ ವಯಸ್ಸು ಹೇಳುತ್ತದೆ, ನಮ್ಮ ‘ಅದು’ ವಯಸ್ಸು ಹೇಳುವುದಿಲ್ಲ. ಶಿಷ್ಟ ಕನ್ನಡಕ್ಕೆ ತಂದ ಕೂಡಲೇ ಮಾತ್ರ ಅವಮಾನ ಕೇಳಿಸುತ್ತದೆ, ಅದು ಶಿಷ್ಟ ಕನ್ನಡದ ಲೆಕ್ಕ.

ಸರಿ, ನನ್ನ ಕಷ್ಟಕ್ಕೆ ವಾಪಸ್ ಬರುತ್ತೇನೆ. ಮೇಷ್ಟ್ರೇ, ‘ನೀವು’ ಸಲಹೆ ಹಿಡಿಸಿತು. ಆದರೆ ಇನ್ನೂ ಎರಡು ಕಡೆ ಬಿಗಿ ಇದೆ.

ಒಂದು, ಮೊದಲ ಅಧ್ಯಾಯ. ಫ್ಯಾನಿಯನ್ನು ಕರೆತರುವ ಮೊದಲು ಸರ್ ಥಾಮಸ್‌ಗೆ ಒಂದು ಅಳುಕು. ಮನೆಯಲ್ಲಿ ಗಂಡುಮಕ್ಕಳಿದ್ದಾರೆ, ಕಸಿನ್‌ಗಳ ನಡುವೆ ಪ್ರೇಮ ಗೀಮ ಆದರೆ? ಮಿಸೆಸ್ ನಾರಿಸ್ ಸಮಾಧಾನ ಹೇಳುತ್ತಾಳೆ: ಅಣ್ಣತಂಗಿಯರ ಹಾಗೆ ಒಟ್ಟಿಗೆ ಬೆಳೆಸಿದರೆ ಅಂಥದ್ದು ಆಗುವುದೇ ಇಲ್ಲ. ಕನ್ನಡದಲ್ಲಿ ಅವರು ಮೊದಲೇ ಅಣ್ಣತಂಗಿಯರು. ಸರ್ ಥಾಮಸ್‌ನ ಹೆದರಿಕೆಗೂ ಅರ್ಥವಿಲ್ಲ, ಈಯಮ್ಮನ ಉಪಾಯಕ್ಕೂ ಅರ್ಥವಿಲ್ಲ.

ಎರಡು, ಕೊನೆಯ ಭಾಗ. ಎಡ್ಮಂಡ್‌ನ ಒಬ್ಬ ತಂಗಿ ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಓಡಿಹೋಗಿದ್ದಾಳೆ, ಇನ್ನೊಬ್ಬಳೂ ಹೇಳದೇ ಕೇಳದೇ ಓಡಿ ಮದುವೆಯಾಗಿದ್ದಾಳೆ. ಅವನು ಫ್ಯಾನಿಯ ತವರು ಪೋರ್ಟ್ಸ್‌ಮತ್‌ಗೆ ಬಂದು ಅವಳನ್ನು ಅಪ್ಪಿಕೊಂಡು, ನೀನೇ ನನಗಿರುವ ಒಬ್ಬಳೇ ‘ಸಿಸ್ಟರ್’ ಅನ್ನುತ್ತಾನೆ. ಸ್ವಲ್ಪ ಪುಟ ದಾಟಿದರೆ ಮದುವೆ!

ಇಲ್ಲಿ ಮೂರು ಥರ ಬರೆದು ನೋಡಿದೆ.

‘ನನ್ನ ಫ್ಯಾನಿ, ನನಗಿರುವ ಒಬ್ಬಳೇ ತಂಗಿ ನೀನು. ಈಗ ನನ್ನ ಪಾಲಿನ ಸಮಾಧಾನವೂ ನೀನೊಬ್ಬಳೇ.’

‘ನನ್ನ ಫ್ಯಾನಿ, ನನಗೆ ಉಳಿದವಳು ನೀನೊಬ್ಬಳೇ.’

‘ನನ್ನ ಫ್ಯಾನಿ, ನೀನೇ ನನ್ನ ಏಕೈಕ ಸೋದರಿ.’

ಮೊದಲನೆಯದು ಓದಿ ನಮ್ಮನೆಯವರು ಮತ್ತೆ ಪುಸ್ತಕ ಕೆಳಗಿಟ್ಟರು. ಎರಡನೆಯದು ಹಿತವಾಗಿದೆ. ಮೂರನೆಯದು ವೇದಿಕೆ ಮೇಲಿನ ಭಾಷಣ.

ಹಳೇ ಮೇಷ್ಟ್ರು

ಎರಡನೆಯದು ಹಿತವಾಗಿದೆ, ಅದೇ ಅದರ ದೋಷ. ಆ ಕ್ಷಣದಲ್ಲಿ ಫ್ಯಾನಿ ಎಷ್ಟೋ ವರ್ಷದಿಂದ ಅವನನ್ನು ಪ್ರೀತಿಸುತ್ತಿದ್ದಾಳೆ. ಅವನು ಅಪ್ಪಿಕೊಳ್ಳುತ್ತಾನೆ, ಬಾಯಲ್ಲಿ ಬರುವ ಮಾತು ಮಾತ್ರ ತಂಗಿ. ಅವಳಿಗೆ ಒಂದೇ ಏಟಿಗೆ ಸಿಕ್ಕಿದ್ದೂ ಅದೇ, ಕಳೆದಿದ್ದೂ ಅದೇ. ‘ಉಳಿದವಳು ನೀನೊಬ್ಬಳೇ’ ಅಂದರೆ ಪ್ರೇಮಿಯ ಮಾತಾಗುತ್ತದೆ. ಆಸ್ಟೆನ್ ಇಟ್ಟ ಮುಳ್ಳು ಹೋಯಿತು.

ಮೊದಲನೆಯದನ್ನೇ ಇಡಿ. ಆದರೆ ಅದಕ್ಕೆ ಮೊದಲಿನಿಂದ ಸಿದ್ಧತೆ ಮಾಡಬೇಕು. ಇಂಗ್ಲಿಷಿನಲ್ಲಿ ಕಸಿನ್ ಬೇರೆ, ಸಿಸ್ಟರ್ ಬೇರೆ, ಆದ್ದರಿಂದ ಸಿಸ್ಟರ್ ಅಂದಾಗ ಅದು ಹೋಲಿಕೆ. ಕನ್ನಡದಲ್ಲಿ ಎರಡೂ ಒಂದೇ ಪದ, ಆದ್ದರಿಂದ ತಂಗಿ ಅಂದಾಗ ಅದು ಬರೀ ಮಾಹಿತಿ. ನೀವು ಆ ಬಿರುಕನ್ನು ಕನ್ನಡದ ಒಳಗೆ ಮಾಡಿಕೊಳ್ಳಬೇಕು. ಇಡೀ ಕಾದಂಬರಿಯಲ್ಲಿ ಫ್ಯಾನಿಗೂ ಎಡ್ಮಂಡ್‌ಗೂ ನಡುವೆ ಅಣ್ಣ, ತಂಗಿ ಪದ ಎಲ್ಲೂ ಬರಕೂಡದು. ನಿರೂಪಣೆಯಲ್ಲಿ ‘ಕಸಿನ್’ ಇರಲಿ, ಅಲ್ಲಿ ಅದು ಸಲ್ಲುತ್ತದೆ. ಮಾತಿನಲ್ಲಿ ‘ಎಡ್ಮಂಡ್, ನೀವು’. ಹೆಸರಿನ ಜೊತೆ ‘ನೀವು’ ಬಂದರೆ ಗಂಡನೂ ಅಲ್ಲ, ಉದ್ಧಟತನವೂ ಅಲ್ಲ. ಮೊದಲ ಅಧ್ಯಾಯದಲ್ಲಿ ನಾರಿಸ್ ಬಾಯಲ್ಲಿ ‘ಅಣ್ಣತಂಗಿಯರ ಹಾಗೆ’ ಬರಲಿ, ಆ ‘ಹಾಗೆ’ಯೇ ಅವರು ಅಣ್ಣತಂಗಿಯರಲ್ಲ ಅಂತ ಓದುಗರಿಗೆ ಕಲಿಸುತ್ತದೆ. ಆಮೇಲೆ ಪೋರ್ಟ್ಸ್‌ಮತ್‌ವರೆಗೂ ತಂಗಿ ಪದವನ್ನು ಕೂಡಿಡಿ. ಅಲ್ಲಿ ಬಂದಾಗ ಅದು ಹೋಲಿಕೆಯಾಗಿಯೇ ಕೇಳಿಸುತ್ತದೆ, ಚುಚ್ಚುತ್ತದೆ.

ಹಾಗೆ ಮಾಡಿದರೆ ಕಳೆಯುವುದು ಒಂದೇ. ಫ್ಯಾನಿ ‘ಕಸಿನ್’ ಅಂತ ಕರೆಯುವಾಗ ಹೆಸರು ಹೇಳಲು ಅಂಜುವ ಒಂದು ಸಂಕೋಚ ಇದೆ. ಕನ್ನಡದ ಫ್ಯಾನಿ ಹೆಸರು ಹಿಡಿದು ಕರೆಯುತ್ತಾಳೆ, ಸ್ವಲ್ಪ ಧೈರ್ಯಸ್ಥೆಯಾಗಿ ಕಾಣುತ್ತಾಳೆ. ಅದನ್ನು ಬೇರೆ ಕಡೆ ಸರಿದೂಗಿಸಿ, ಅವಳ ಮಾತುಗಳನ್ನು ಅರ್ಧಕ್ಕೆ ನಿಲ್ಲಿಸಿ, ಬೇಡಿಕೆಗಳನ್ನು ಪ್ರಶ್ನೆ ಮಾಡಿ.

ಭಟ್ಕಳದವ

ಓದುತ್ತಾ ಬಂದೆ. ಒಂದು ಮಾತು. ಎಲ್ಲರೂ ‘ಕನ್ನಡ ಓದುಗ ಒಪ್ಪುವುದಿಲ್ಲ’ ಅನ್ನುತ್ತಿದ್ದೀರಿ. ನಾನೂ ಕನ್ನಡ ಓದುಗ. ನಮ್ಮಲ್ಲಿ ಅಮ್ಮನ ಅಕ್ಕತಂಗಿಯ ಮಗನನ್ನು ಮದುವೆಯಾಗಲಿಕ್ಕೆ ಯಾವ ತಡೆಯೂ ಇಲ್ಲ. ಉರ್ದುವಿನಲ್ಲಿ ತಾಯಿಯ ಅಕ್ಕತಂಗಿ ಖಾಲಾ, ಅವಳ ಮಗ ಖಾಲಾಜಾದ್ ಭಾಯಿ. ಭಾಯಿ ಅಂತಲೇ ಕರೆದು ಆಮೇಲೆ ಮದುವೆಯಾದವರು ನಮ್ಮ ಬೀದಿಯಲ್ಲೇ ಇದ್ದಾರೆ. ಯಾರೂ ಪುಸ್ತಕ ಕೆಳಗಿಡುವುದಿಲ್ಲ. ನನಗೆ ಕೇಳಿದರೆ ‘ಅಣ್ಣ’ ಇದ್ದರೂ ನಡೆಯುತ್ತದೆ.

ತೋಟದಂಚು

ಇದನ್ನು ಯೋಚಿಸಿರಲಿಲ್ಲ. ಹಾಗಾದರೆ ಮುಜುಗರ ಇರುವುದು ಕನ್ನಡದ ಪದದಲ್ಲೋ, ಆ ಪದವನ್ನು ನಮ್ಮ ಮನೆಯಲ್ಲಿ ಬಳಸುವ ರೀತಿಯಲ್ಲೋ?

ಹಳೇ ಮೇಷ್ಟ್ರು

ಪದದಲ್ಲಿ ಅಂತ ನನ್ನ ಅಭಿಪ್ರಾಯ. ದ್ರಾವಿಡ ಭಾಷೆಗಳ ಸಂಬಂಧವಾಚಕಗಳು ಆ ಮದುವೆ ಪದ್ಧತಿಯ ಮೇಲೇ ನಿಂತಿವೆ. ಅತ್ತೆ ಅಂದರೆ ಅಪ್ಪನ ಅಕ್ಕತಂಗಿಯೂ ಹೌದು, ಗಂಡನ ತಾಯಿಯೂ ಹೌದು, ಅದು ಸುಮ್ಮನೆ ಆದದ್ದಲ್ಲ.

ಭಟ್ಕಳದವ

ಪದ ಹುಟ್ಟಿದ್ದು ಹಾಗಿರಬಹುದು ಮೇಷ್ಟ್ರೇ. ಇವತ್ತು ಕನ್ನಡ ಓದುವವರೆಲ್ಲ ಆ ಪದ್ಧತಿಯವರಲ್ಲವಲ್ಲ. ನಾವು ಅಂಗಡಿಯಲ್ಲಿ ಎಲ್ಲರಿಗೂ ಅಣ್ಣ ಅಂತೇವೆ.

ಕಾಳಿ ತೀರ

ಇನ್ನೊಂದು ಗಂಟು ಬಿಟ್ಟುಹೋಯಿತು. ಎಡ್ಮಂಡ್‌ನನ್ನು ಹೆಸರಿನಿಂದ ಬಚಾವು ಮಾಡಿದಿರಿ. ಅವನ ಅಮ್ಮನನ್ನು ಫ್ಯಾನಿ ಏನಂತ ಕರೆಯುತ್ತಾಳೆ? ‘ದೊಡ್ಡಮ್ಮ’ ಅಂದ ಕೂಡಲೇ ಓದುಗರು ತಾವೇ ಲೆಕ್ಕ ಹಾಕಿ ಎಡ್ಮಂಡ್‌ನನ್ನು ಅಣ್ಣ ಮಾಡಿಕೊಳ್ಳುತ್ತಾರೆ. ಸರ್ ಥಾಮಸ್ ದೊಡ್ಡಪ್ಪನಾಗಿದ್ದವರು ಕೊನೆಗೆ ಮಾವ ಆಗಬೇಕು. ಅವರನ್ನೂ ‘ಆಂಟಿ’, ‘ಅಂಕಲ್’ ಮಾಡುತ್ತೀರಾ?

ಅಕ್ಷತೆ

ಆಂಟಿ ಬೇಡವೇ ಬೇಡ! ನಮ್ಮಲ್ಲಿ ಆಂಟಿ ಅಂದರೆ ಪಕ್ಕದ ಮನೆಯವರು. ಸ್ವಂತ ದೊಡ್ಡಮ್ಮನಿಗೆ ಆಂಟಿ ಅಂದರೆ ಆರು ತಿಂಗಳು ಮಾತು ಬಿಡುತ್ತಾರೆ.

ತೋಟದಂಚು

ಅಕ್ಷತೆಯವರು ಹೇಳಿದ್ದು ಸರಿ. ಆಂಟಿ, ಅಂಕಲ್ ಕನ್ನಡಕ್ಕೆ ಬಂದ ಮೇಲೆ ನೆಂಟಸ್ತಿಕೆ ಇಲ್ಲದವರ ಪದವಾಗಿಬಿಟ್ಟಿವೆ. ಫ್ಯಾನಿ ಆ ಮನೆಯ ನೆಂಟಳು ಅನ್ನುವುದೇ ಮುಖ್ಯ, ನೆಂಟಳಾದರೂ ಬೆಂಕಿ ಹಾಕದ ಕೋಣೆಯಲ್ಲಿ ಕೂರಿಸುತ್ತಾರೆ ಅನ್ನುವುದೇ ಕತೆ. ಸದ್ಯಕ್ಕೆ ಮಿಸೆಸ್ ನಾರಿಸ್‌ಗೆ ದೊಡ್ಡಮ್ಮ ಅಂತ ಇಟ್ಟಿದ್ದೇನೆ, ಅವಳಿಗೆ ಮಕ್ಕಳಿಲ್ಲ, ಲೆಕ್ಕ ಹಾಕುವ ಭಯವಿಲ್ಲ. ಲೇಡಿ ಬರ್ಟ್ರಮ್‌ಳನ್ನು ಫ್ಯಾನಿ ‘ಅಮ್ಮಾವ್ರು’ ಅಂದರೆ ಕೆಲಸದವಳ ಹಾಗೆ ಕೇಳಿಸುತ್ತದೆ, ಅದು ಸ್ವಲ್ಪ ಜಾಸ್ತಿಯಾಯಿತು.

ಸಿದ್ದಾಪುರದ ಮಾಣಿ

ಜಾಸ್ತಿ ಏನಿಲ್ಲ ಅಕ್ಕಾ. ಆ ಮನೆಯಲ್ಲಿ ಅವಳ ಸ್ಥಾನ ಅದೇ ಅಲ್ವಾ?

ಹಳೇ ಮೇಷ್ಟ್ರು

ಅಲ್ಲ ಮಾಣಿ. ಕೆಲಸದವಳಾಗಿದ್ದರೆ ಅವಳಿಗೆ ಸಂಬಳ ಸಿಗುತ್ತಿತ್ತು. ಲೇಡಿ ಬರ್ಟ್ರಮ್‌ಗೂ ‘ದೊಡ್ಡಮ್ಮ’ ಅಂತಲೇ ಇಟ್ಟು, ಓದುಗರು ಲೆಕ್ಕ ಹಾಕಿದರೆ ಹಾಕಲಿ ಅಂತ ಬಿಡುವುದು ನನಗೆ ಸರಿ ಕಾಣುತ್ತದೆ. ಕಾಳಿ ತೀರದವರು ಒಪ್ಪಲಿಕ್ಕಿಲ್ಲ.

ಕಾಳಿ ತೀರ

ಒಪ್ಪುವುದಿಲ್ಲ. ‘ಲೇಡಿ ಬರ್ಟ್ರಮ್’ ಅಂತಲೇ ಕರೆಯಲಿ. ನೆಂಟಸ್ತಿಕೆ ನಿರೂಪಣೆಯಲ್ಲಿ ಒಮ್ಮೆ ಬಂದರೆ ಸಾಕು.

ತೋಟದಂಚು

ಎರಡೂ ಥರ ಒಂದೊಂದು ಅಧ್ಯಾಯ ಬರೆದು ಇಲ್ಲೇ ಹಾಕುತ್ತೇನೆ. ಭಟ್ಕಳದವರೇ, ನೀವೂ ಓದಿ ಹೇಳಬೇಕು. ನಮ್ಮನೆಯವರು ಎಲ್ಲಿ ಕೆಳಗಿಡುತ್ತಾರೆ ಅನ್ನುವುದು ನನಗೆ ಈಗಾಗಲೇ ಗೊತ್ತು.